ಬಿ.ಎಡ್. ಟೀಚರ್‌ ಮತ್ತು ಮೊದಲ ಐದು ನಿಮಿಷ

ತರಬೇತಿಗೆ ಬಂದ ಶಿಕ್ಷಕಿ ಹೈಸ್ಕೂಲು ಮಕ್ಕಳೆದುರು ತನ್ನ ಬಗ್ಗೆ ಏನು ಹೇಳಬೇಕು, ಏನನ್ನು ಬಿಡಬೇಕು?

ಒಂದೇ ಬಣ್ಣದ ಸೀರೆ, ಕೈಯಲ್ಲಿ ಸುತ್ತಿದ ಚಾರ್ಟು, ಹಿಂದಿನ ಬೆಂಚಿನಲ್ಲಿ ವೀಕ್ಷಣೆ ಪುಸ್ತಕ ಬಿಚ್ಚಿ ಕುಳಿತ ಗೆಳತಿಯರಿಬ್ಬರು. ಇಷ್ಟು ಕಂಡರೆ ಸಾಕು, ಒಂಬತ್ತನೇ ತರಗತಿಯಲ್ಲಿ ‘ಬಿ.ಎಡ್. ಟೀಚರ್ ಬಂದ್ರು’ ಎಂಬ ಪಿಸುಮಾತು ಹಬ್ಬುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದ ಹೈಸ್ಕೂಲುಗಳಿಗೆ ಇದು ವರ್ಷವರ್ಷದ ನೋಟ. ಕುಮಟಾದಲ್ಲಿ ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯವಿದೆ, ಬಿ.ಎಡ್. ವಿದ್ಯಾರ್ಥಿಗಳು ಹೆದ್ದಾರಿಯುದ್ದಕ್ಕೂ ಬಸ್ಸು ಹಿಡಿದು ಶಾಲೆ ಸೇರುವುದನ್ನು ಈ ಭಾಗದ ಜನ ನೋಡಿಯೇ ಇರುತ್ತಾರೆ. ಎನ್‌ಸಿಟಿಇ 2014ರಲ್ಲಿ ತಂದ ನಿಯಮಾವಳಿಯಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರಗಳಿಗೆ ಏರಿತು. ಹತ್ತಾರು ಪಾಠ ಮುಗಿಸಿ ಹೊರಟುಬಿಡುವ ಕಾಲ ಹೋಯಿತು. ಮೊದಲ ದಿನ ಹೇಳಿದ ಮಾತಿನ ಜೊತೆಗೇ ತಿಂಗಳುಗಟ್ಟಲೆ ಬಾಳಬೇಕು.

ಯಕ್ಷಗಾನದಲ್ಲಿ ರಂಗಕ್ಕೆ ಬಂದ ಪಾತ್ರ ತಾನು ಯಾರು, ಈಗ ಯಾಕೆ ಬಂದೆ ಎಂಬಷ್ಟನ್ನು ಹೇಳಿ ಪ್ರಸಂಗಕ್ಕೆ ದಾಟುತ್ತದೆ. ಅಲ್ಲೇ ನಿಂತು ವಂಶಾವಳಿ ಬಿಚ್ಚಿದರೆ ಸಭೆ ಆಕಳಿಸುತ್ತದೆ. ತರಗತಿಯ ಪರಿಚಯಕ್ಕೂ ಅಳತೆ ಅದೇ. ಮಕ್ಕಳಿಗೆ ತಿಳಿಯಬೇಕಾದ್ದು ಮೂರೇ: ಇವರು ಯಾರು, ಎಲ್ಲಿಯವರೆಗೆ ಇರುತ್ತಾರೆ, ಇವರು ಮಾಡಿದ ಪಾಠ ಪರೀಕ್ಷೆಗೆ ಲೆಕ್ಕವೋ ಅಲ್ಲವೋ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅದಕ್ಕೆ ಉತ್ತರ ಸಿಗದಿದ್ದರೆ ಮಾತ್ರ ಎರಡನೇ ದಿನದಿಂದ ನೋಟ್‌ಬುಕ್ ಬ್ಯಾಗಿನಿಂದ ಹೊರಗೆ ಬರುವುದಿಲ್ಲ.

ಅಡ್ಡಹೆಸರಿನ ಲೆಕ್ಕ

ನಮ್ಮ ಕರಾವಳಿಯಲ್ಲಿ ‘ಯಾರು’ ಎಂಬ ಪ್ರಶ್ನೆ ಅಷ್ಟು ಸರಳವಲ್ಲ. ಭಟ್ಟ, ಹೆಗಡೆ, ನಾಯ್ಕ, ಗೌಡ, ಮೊಗೇರ, ಖಾರ್ವಿ – ಅಡ್ಡಹೆಸರು ಕೇಳಿದ ಕೂಡಲೇ ಜಾತಿ ಯಾವುದು, ಕೇರಿ ಯಾವುದು ಎಂದು ಹದಿನಾಲ್ಕರ ಹುಡುಗನೂ ಅಂದಾಜು ಮಾಡುತ್ತಾನೆ. ‘ಯಾವ ಊರು ಟೀಚರ್? ಯಾರ ಪೈಕಿ?’ ಎಂಬುದು ಹಿಂದೆಯೇ ಬರುವ ಪ್ರಶ್ನೆ. ಒಂದೇ ಕೋಣೆಯಲ್ಲಿ ಮೀನುಗಾರರ, ಹಾಲಕ್ಕಿಗಳ, ನಾಮಧಾರಿಗಳ, ನವಾಯತರ ಮಕ್ಕಳು ಕೂತಿರುತ್ತಾರೆ. ಕೆಲವರ ಮನೆಮಾತು ಕೊಂಕಣಿ, ಕೆಲವರದು ನವಾಯತಿ. ‘ನಾನು ಇಂಥವರ ಮನೆಯವಳು’ ಎಂದ ಕ್ಷಣಕ್ಕೆ ಕೆಲವರಿಗೆ ನೆಂಟಳು, ಉಳಿದವರಿಗೆ ಹೊರಗಿನವಳು. ಆದ್ದರಿಂದ ಹೆಸರು, ಊರು ಇಷ್ಟು ಹೇಳುವುದು ಒಳ್ಳೆಯದು. ಅದರಾಚೆ ಕೇಳಿದರೆ ‘ನಮ್ಮೂರಿನ ಬಸ್ಸಿನ ದಾರಿ ಬೇಕಾದರೆ ಹೇಳ್ತೇನೆ’ ಎಂದು ನಗುತ್ತ ತಪ್ಪಿಸಿಕೊಳ್ಳಬಹುದು.

ಇದೇ ಕಾರಣಕ್ಕೆ ಮಕ್ಕಳಿಂದ ಪರಿಚಯ ಹೇಳಿಸುವಾಗ ತಂದೆಯ ಕೆಲಸ ಕೇಳಬಾರದು. ನಲವತ್ತೈದು ಮಕ್ಕಳು ಅರ್ಧರ್ಧ ನಿಮಿಷ ಮಾತಾಡಿದರೂ ಇಪ್ಪತ್ತೆರಡು ನಿಮಿಷ ಹೋಯಿತು, ಪೀರಿಯಡ್ಡು ಇರುವುದೇ ನಲವತ್ತರ ಆಸುಪಾಸು. ಅದಕ್ಕಿಂತ ದೊಡ್ಡ ತೊಂದರೆ ವಯಸ್ಸಿನದು. ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲಿ ಹದಿಹರೆಯದವರ ಒಂದು ಸ್ವಭಾವ ಗುರುತಿಸಿದರು: ಎಲ್ಲರೂ ಸದಾ ತನ್ನನ್ನೇ ನೋಡುತ್ತಿದ್ದಾರೆ ಎಂಬ ಭಾವನೆ. ಹಾಗೆ ಅನ್ನಿಸುವ ವಯಸ್ಸಿನ ಹುಡುಗಿಯನ್ನು ಎಬ್ಬಿಸಿ ಮನೆಯ ವಿಷಯ ಕೇಳಿದರೆ ಅವಳಿಗೆ ಉಳಿಯುವುದು ಮುಜುಗರವೊಂದೇ. ಅದರ ಬದಲು ತರಗತಿ ಶಿಕ್ಷಕರಿಂದ ಹಿಂದಿನ ದಿನವೇ ಹೆಸರು ಪಡೆದು, ಯಾರು ಎಲ್ಲಿ ಕೂರುತ್ತಾರೆಂಬ ನಕ್ಷೆ ಮಾಡಿ ಮೇಜಿನ ಮೇಲಿಟ್ಟುಕೊಂಡರೆ ಕೆಲಸ ಹಗುರ.

ಹೇಳಿ ನೋಡೋಣ

ಊಹೆಯ ಒಂದು ಉದಾಹರಣೆ. ಸಿದ್ದಾಪುರದ ಹುಡುಗಿ, ಕುಮಟಾದಲ್ಲಿ ಬಿ.ಎಡ್., ಹೊನ್ನಾವರದ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ. ಪಾಠ ದ್ರವ್ಯದ್ದು, ಆ ದಿನದ ಭಾಗ ಆವಿಯಾಗುವಿಕೆ. ಅವಳು ಬೋರ್ಡಿನ ಮೇಲೆ ಹೆಸರು ಬರೆದು, ತಿರುಗಿ ನಿಂತು, ಗದ್ದಲ ಇಳಿಯುವವರೆಗೆ ಸುಮ್ಮನಿದ್ದು ಹೀಗೆನ್ನುತ್ತಾಳೆ:

‘ನನ್ನ ಹೆಸರು ಬೋರ್ಡಿನ ಮೇಲಿದೆ, ಟೀಚರ್ ಅಂದ್ರೂ ಸಾಕು. ಊರು ಸಿದ್ದಾಪುರ. ಕುಮಟಾದಲ್ಲಿ ಬಿ.ಎಡ್. ಓದ್ತಾ ಇದ್ದೇನೆ. ಅಕ್ಟೋಬರ್ ರಜೆವರೆಗೂ ನಿಮ್ಮ ವಿಜ್ಞಾನದ ಪಾಠ ನಾನೇ ಮಾಡೋದು. ಇದರ ಟೆಸ್ಟನ್ನೂ ನಾನೇ ಕೊಡ್ತೇನೆ, ಪೇಪರನ್ನು ನಿಮ್ಮ ಸರ್ ಕೂಡ ನೋಡ್ತಾರೆ. ನಾನು ನಿಮ್ಮ ಹಾಗೆ ಒಂಬತ್ತನೇ ಕ್ಲಾಸಲ್ಲಿದ್ದಾಗ ಮಳೆಗಾಲದಲ್ಲಿ ಯೂನಿಫಾರ್ಮ್ ಒಲೆ ಮೇಲೆ ಒಣಗಿಸಿ ಹಾಕ್ಕೊಂಡು ಹೋಗ್ತಿದ್ದೆ, ಮೈಯೆಲ್ಲ ಹೊಗೆ ವಾಸನೆ. ಗಾಳಿ ಅಷ್ಟು ಬೀಸ್ತಿದ್ರೂ ಜಗಲಿ ಮೇಲೆ ಹಾಕಿದ ಬಟ್ಟೆ ಯಾಕೆ ಒಣಗ್ತಿರಲಿಲ್ಲ?’

ಇಷ್ಟಕ್ಕೆ ಎರಡು ನಿಮಿಷ ಸಾಲದು ಎನ್ನುವಂತಿಲ್ಲ. ಮೂರು ಪ್ರಶ್ನೆಗೂ ಉತ್ತರ ಸಿಕ್ಕಿತು. ತನ್ನ ಬಗ್ಗೆ ಒಂದೇ ಸಂಗತಿ ಹೇಳಿದಳು, ಅದೂ ಎಲ್ಲ ಮನೆಗಳ ಅನುಭವ. ಪರಿಚಯ ಮುಗಿದದ್ದೆಲ್ಲಿ, ಪಾಠ ಶುರುವಾದದ್ದೆಲ್ಲಿ ಎಂದು ಮಕ್ಕಳಿಗೆ ತಿಳಿಯಲೇ ಇಲ್ಲ. ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿದ್ದರೆ ಬಟ್ಟೆಯ ನೀರು ಆವಿಯಾಗುವುದು ನಿಧಾನ ಎಂಬ ಉತ್ತರದತ್ತ ಅವರೇ ಬರುತ್ತಾರೆ. ಮುಂದಿನ ಉದಾಹರಣೆಗಳನ್ನು ಅವರಿಂದಲೇ ಕೇಳಬೇಕು. ಕಾಸರಕೋಡ ಟೊಂಕದ ಕಡೆಯ ಮಕ್ಕಳು ಮೀನನ್ನು ರಾಶಿ ಹಾಕದೆ ಹರಡುವುದು ಯಾಕೆಂದು ಹೇಳಬಲ್ಲರು. ಸಾಣಿಕಟ್ಟೆಯ ಆಗರ ನೋಡಿದವರಿದ್ದರೆ ಉಪ್ಪು ಬೇಸಿಗೆಯಲ್ಲೇ ಯಾಕೆ ಎಂಬುದನ್ನು. ಹರವು, ಬಿಸಿಲು, ತೇವ, ಗಾಳಿ – ಪಾಠ ಕೇಳುವ ನಾಲ್ಕೂ ಅಂಶ ಊರೊಳಗೇ ಸಿಕ್ಕವು.

ಎಲ್ಲಿ ಕೆಡುತ್ತದೆ

ಹೆಚ್ಚಿನವರು ಎಡವುವುದು ಎರಡು ಕಡೆ. ಮೊದಲನೆಯದು ದೈನ್ಯ: ‘ನಾನೂ ಕಲಿಯೋಕೆ ಬಂದವಳು, ನನಗೆ ಮಾರ್ಕ್ಸ್ ಇದೆ, ದಯವಿಟ್ಟು ಗಲಾಟೆ ಮಾಡ್ಬೇಡಿ.’ ಮಕ್ಕಳ ಕೈಗೆ ತಾನಾಗಿ ಲಗಾಮು ಕೊಟ್ಟಂತೆ. ಎರಡನೆಯದು ಸಲುಗೆ: ‘ನಾನು ಟೀಚರ್ ಅಲ್ಲ, ಅಕ್ಕ ಅಂದ್ಕೊಳ್ಳಿ.’ ಇಪ್ಪತ್ತೆರಡು ಇಪ್ಪತ್ಮೂರರ ಟೀಚರಿಗೂ ಹದಿನೈದರ ಹುಡುಗರಿಗೂ ವಯಸ್ಸಿನ ಅಂತರ ಏಳೆಂಟು ವರ್ಷ ಮಾತ್ರ. ಆ ಸಲುಗೆ ಸಂಜೆಗೆ ಇನ್‌ಸ್ಟಾಗ್ರಾಂ ರಿಕ್ವೆಸ್ಟ್ ಆಗಿ ಬರುತ್ತದೆ, ವಾರದ ನಂತರ ಹೋಂವರ್ಕ್ ಕೇಳಿದರೆ ‘ಅಕ್ಕ ಬದಲಾದ್ರು’ ಎಂಬ ಮುನಿಸು. ಫೋನ್ ನಂಬರು, ಮದುವೆ ಆಗಿದೆಯೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಸಿಟ್ಟಾಗದೆ ‘ಅದು ಪಾಠದಲ್ಲಿಲ್ಲ’ ಎಂದು ಮುಂದೆ ಹೋಗುವುದೇ ಸರಿ. ಎರಡನೇ ಸಲ ಕೇಳಿದವರಿಗೂ ಅದೇ ಉತ್ತರ, ಅದೇ ದನಿ.

ಮಾತಿಗಿಂತ ಮೊದಲೇ ಮಕ್ಕಳು ಓದುವುದು ನಿಲುವನ್ನು. ಮನಶ್ಶಾಸ್ತ್ರಜ್ಞರಾದ ನಳಿನಿ ಅಂಬಾಡಿ ಮತ್ತು ರಾಬರ್ಟ್ ರೋಸೆಂಥಲ್ 1993ರಲ್ಲಿ ಕಾಲೇಜು ಬೋಧಕರ ಅರ್ಧ ನಿಮಿಷದ ವಿಡಿಯೊಗಳನ್ನು, ಧ್ವನಿಯನ್ನೇ ತೆಗೆದು, ಅಪರಿಚಿತರಿಗೆ ತೋರಿಸಿದರು. ಆ ಅಪರಿಚಿತರು ಕೊಟ್ಟ ಅಂಕಕ್ಕೂ, ಅವಧಿಯಿಡೀ ಪಾಠ ಕೇಳಿದ ವಿದ್ಯಾರ್ಥಿಗಳು ಕೊಟ್ಟ ಅಂಕಕ್ಕೂ ಗಟ್ಟಿ ಹೊಂದಾಣಿಕೆ ಕಂಡಿತು. ಇದು ಮೆಚ್ಚುಗೆಯ ಲೆಕ್ಕ, ಕಲಿಕೆಯದಲ್ಲ ಎಂಬುದನ್ನು ಮರೆಯಬಾರದು. ಆದರೂ ಚಾರ್ಟಿಗೆ ಮುಖ ಮಾಡಿ ಮಾತಾಡುವುದು, ಸೆರಗಿನ ಅಂಚು ತಿರುವುತ್ತ ನಿಲ್ಲುವುದು, ಮೊದಲ ಎರಡು ಬೆಂಚಿಗಷ್ಟೇ ಕಣ್ಣು ಕೊಡುವುದು – ಇವೆಲ್ಲ ಅರ್ಧ ನಿಮಿಷದಲ್ಲೇ ದಾಖಲಾಗುತ್ತವೆ.

ಪರಿಚಯ ನಾಟಿತೋ ಇಲ್ಲವೋ ಎಂದು ಹಿಂದೆ ಕುಳಿತ ಗೆಳತಿಯರು ಸುಲಭವಾಗಿ ಹೇಳಬಲ್ಲರು. ಪ್ರಶ್ನೆ ಕೇಳಿದಾಗ ಮಕ್ಕಳು ಮೂಲೆಯಲ್ಲಿ ಕೂತ ತಮ್ಮ ಖಾಯಂ ಸರ್ ಮುಖ ನೋಡಿ ಉತ್ತರಿಸುತ್ತಿದ್ದರೆ ಹೊಸ ಟೀಚರ್ ಇನ್ನೂ ಅತಿಥಿ. ಅವಳನ್ನೇ ನೋಡಿ ತಪ್ಪುತ್ತರ ಕೊಡುವ ಧೈರ್ಯ ಮಾಡಿದರೆ ಅವಳು ಟೀಚರ್ ಆದಳು. ವೀಕ್ಷಣೆ ಪುಸ್ತಕದಲ್ಲಿ ‘ಪೀಠಿಕೆ ಉತ್ತಮ’ ಎಂದು ಬರೆಯುವ ಬದಲು ಎಷ್ಟು ಮಕ್ಕಳು ಯಾರತ್ತ ನೋಡಿದರು ಎಂದು ಬರೆದುಕೊಟ್ಟರೆ ಮರುದಿನದ ತಯಾರಿಗೆ ಅದು ಉಪಯೋಗಕ್ಕೆ ಬರುತ್ತದೆ.