ಒತ್ತಿದಷ್ಟೂ ಕೆಡುವ ಫೋಕಸ್

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಿರಲಿ, ಆಳಂದ ತಾಲ್ಲೂಕಿನ ಸರಸಂಬಾ ಸುತ್ತಿನ ಹಳ್ಳಿಗಳ ಜಾತ್ರೆಯಿರಲಿ, ತೇರು ಅಲುಗಿತೆಂದರೆ ನೂರು ಮೊಬೈಲ್ ಮೇಲೇಳುತ್ತವೆ. ಬೆನ್ನಿಗೇ ಯಾರೋ ಒಬ್ಬರ ಉಪದೇಶ: “ಒತ್ತೋ ತಮ್ಮಾ, ಮತ್ತೊಮ್ಮೆ ಒತ್ತು, ಫೋಕಸ್ ಬರ್ತದ.” ತಮ್ಮ ಒತ್ತುತ್ತಾನೆ, ಒತ್ತುತ್ತಲೇ ಇರುತ್ತಾನೆ. ಮನೆಗೆ ಹೋಗಿ ನೋಡಿದರೆ ತೇರು ಒಮ್ಮೆ ಸ್ಪಷ್ಟ, ಒಮ್ಮೆ ಮಸುಕು. “ಮೊಬೈಲ್ ಹಳೇದಾಗ್ಯಾದ್ರಿ” ಎಂದು ತೀರ್ಪು ಕೊಟ್ಟು ಹೊಸದಕ್ಕೆ ಕಂತು ಕಟ್ಟಲು ಶುರು ಮಾಡುತ್ತಾನೆ.

ಕೆಡಿಸಿದ್ದು ಆ ಒತ್ತುವಿಕೆಯೇ. ಪರದೆಯನ್ನು ಒಮ್ಮೆ ಮುಟ್ಟಿದರೆ ಮೊಬೈಲಿಗೆ ಸಿಗುವ ಆಜ್ಞೆ “ಇದನ್ನು ಹಿಡಿದುಕೋ” ಎಂದಲ್ಲ, “ಇದ್ದದ್ದನ್ನು ಬಿಟ್ಟು ಮತ್ತೆ ಹುಡುಕು” ಎಂದು. ಹುಡುಕಲು ಲೆನ್ಸ್ ಹಿಂದೆ ಮುಂದೆ ಸರಿಯಬೇಕು. ಅತಿ ಸ್ಪಷ್ಟವಾದ ಜಾಗ ಯಾವುದೆಂದು ತಿಳಿಯಲು ಅದನ್ನು ದಾಟಿ ಹೋಗಿ ವಾಪಸ್ ಬರಬೇಕು. ಈಗಿನ ಮೊಬೈಲ್‌ಗಳಿಗೆ ಯಾವ ಕಡೆ ಸರಿಯಬೇಕೆಂಬ ಸುಳಿವು ಸೆನ್ಸರ್‌ನಿಂದಲೇ ಸಿಗುತ್ತದೆ, ನಿಜ. ಆದರೆ ಸಂಜೆಗತ್ತಲು, ಧೂಳು, ನಡುವೆ ಹಾರುವ ಉತ್ತತ್ತಿ, ಎತ್ತಿದ ಕೈಗಳು ಇವೆಲ್ಲ ಸೇರಿದರೆ ಆ ಸುಳಿವೂ ತಪ್ಪುತ್ತದೆ. ಅಲ್ಲದೆ ಮುಟ್ಟಿ ಹಿಡಿದ ಫೋಕಸ್ ಶಾಶ್ವತವೂ ಅಲ್ಲ. ಚೌಕಟ್ಟಿನೊಳಗಿನ ದೃಶ್ಯ ಸಾಕಷ್ಟು ಬದಲಾದರೆ ಹೆಚ್ಚಿನ ಮೊಬೈಲ್‌ಗಳು ತಾವಾಗಿ ಹಳೆಯ ಹುಡುಕಾಟಕ್ಕೆ ಮರಳುತ್ತವೆ. ತೇರು ಬರುವಾಗ ದೃಶ್ಯ ಬದಲಾಗದೆ ಇರುತ್ತದೆಯೇ?

ಮಾಡಬೇಕಾದದ್ದು ತೇರು ಹೊರಡುವ ಮೊದಲೇ ಇದೆ. ಮೊಬೈಲಿನ ಮುಖ್ಯ ಲೆನ್ಸ್, ಅಂದರೆ 1x, ಅದನ್ನೇ ಇಟ್ಟುಕೊಳ್ಳಿ. ಸುಮಾರು 3 ಮೀಟರ್ ದೂರದಲ್ಲಿ, ನಾಲ್ಕು ದೊಡ್ಡ ಹೆಜ್ಜೆಯಷ್ಟು ಎನ್ನಿ, ಗೆಳೆಯನೊಬ್ಬನನ್ನು ನಿಲ್ಲಿಸಿ, ಅವನ ಅಂಗಿಯ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಐಫೋನಿನಲ್ಲಿ AE/AF LOCK ಎಂದು ಹಳದಿ ಅಕ್ಷರ ಬರುತ್ತದೆ; ಅನೇಕ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಬೀಗದ ಚಿತ್ರ ಕಾಣುತ್ತದೆ. ಮತ್ತೆ ಪರದೆ ಮುಟ್ಟಬೇಡಿ. ಈ ಲೆನ್ಸ್ ತೀರಾ ಚಿಕ್ಕದು, ನಾಭಿದೂರ ಐದಾರು ಮಿಲಿಮೀಟರ್ ಮಾತ್ರ. ಹೀಗಾಗಿ 3 ಮೀಟರ್‌ಗೆ ಬೀಗ ಹಾಕಿದರೆ ಹೆಚ್ಚುಕಡಿಮೆ ಒಂದೂವರೆ ಮೀಟರ್‌ನಿಂದ ದೂರದ ಗೋಪುರದವರೆಗೆ ಎಲ್ಲವೂ ಕಣ್ಣಿಗೆ ಸ್ಪಷ್ಟವೇ. ತೇರು ಮೂವತ್ತು ಮೀಟರ್ ದೂರದಲ್ಲಿರಲಿ, ಐದಕ್ಕೆ ಬರಲಿ, ಲೆನ್ಸ್ ಅಲುಗಬೇಕಾದ ಕಾರಣವೇ ಇಲ್ಲ. ಒಂದೇ ಎಚ್ಚರ: ಬೀಗ ಬೀಳುವುದು ಬೆಳಕಿಗೂ ಸೇರಿಯೇ. ಗೆಳೆಯನನ್ನು ನೆರಳಲ್ಲಿ ನಿಲ್ಲಿಸಿ ಬೀಗ ಹಾಕಿದರೆ ದೀಪ ತೊಟ್ಟ ತೇರು ಬೆಳ್ಳಗೆ ಸುಟ್ಟಂತೆ ಬರುತ್ತದೆ. ತೇರಿನ ಮೇಲೆ ಬೀಳುವಂಥ ಬೆಳಕಲ್ಲೇ ಅವನನ್ನು ನಿಲ್ಲಿಸಿ.

3x, 5x ಜೂಮಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲುವುದು ಜೂಮಿಗಿಂತ ಸುಲಭ. ಆದರೆ ಬದಿಯಲ್ಲಿ, ತೇರಿನ ಹಾದಿಗೆ ಅಡ್ಡವಲ್ಲ.

ಮದುವೆ ವಿಡಿಯೋದವರ ಕಥೆ ಬೇರೆ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ f/1.8ಕ್ಕೆ ತೆರೆದರೆ, 5 ಮೀಟರ್ ದೂರದಲ್ಲಿ ಸ್ಪಷ್ಟವಾಗಿರುವುದು ಸುಮಾರು ಒಂದು ಮೀಟರ್ ಆಳ ಮಾತ್ರ. ನಡೆದು ಬರುವ ವಧೂವರರು ಎರಡು ಹೆಜ್ಜೆಗೆ ಅದನ್ನು ದಾಟುತ್ತಾರೆ. ಅದೇ ಲೆನ್ಸನ್ನು f/8ಕ್ಕೆ ಇಳಿಸಿದರೆ ಮೂರೂವರೆಯಿಂದ ಒಂಬತ್ತು ಮೀಟರ್‌ವರೆಗೆ ನಿಲ್ಲುತ್ತದೆ, ಹಗಲಿದ್ದರೆ. ಹಿನ್ನೆಲೆ ಮಸುಕು ಬೇಕೇ ಬೇಕೆನ್ನುವವರು ಸಿನಿಮಾದವರಂತೆ ಕೈಯಿಂದಲೇ ಫೋಕಸ್ ಎಳೆಯಬೇಕು. ಅಲ್ಲಿ ಕ್ಯಾಮೆರಾ ಸಹಾಯಕ ಟೇಪು ಹಿಡಿದು ದೂರ ಅಳೆಯುತ್ತಾನೆ, ನೆಲಕ್ಕೂ ಫೋಕಸ್ ರಿಂಗಿಗೂ ಗುರುತು ಹಾಕುತ್ತಾನೆ, ನಟ ಮೊದಲ ಗುರುತಿಗೆ ಬಂದಾಗ ರಿಂಗು ಮೊದಲ ಗೀಟಿನಲ್ಲಿರುತ್ತದೆ. ಇಂದಿನ ಬಹಳಷ್ಟು ಲೆನ್ಸ್‌ಗಳಲ್ಲಿ ರಿಂಗು ನೇರವಾಗಿ ಗಾಜನ್ನು ತಿರುಗಿಸದೆ ಮೋಟಾರಿಗೆ ಸಂಜ್ಞೆಯಷ್ಟೇ ಕಳಿಸುತ್ತದೆ. ಬೇಗ ತಿರುಗಿಸಿದರೆ ಹೆಚ್ಚು, ನಿಧಾನಕ್ಕೆ ತಿರುಗಿಸಿದರೆ ಕಡಿಮೆ. ಅಂಥದ್ದಕ್ಕೆ ಗುರುತು ಹಾಕಿ ಪ್ರಯೋಜನವಿಲ್ಲ. ಮೆನುವಿನಲ್ಲಿ ರಿಂಗನ್ನು ಲೀನಿಯರ್ ಮಾಡುವ ಆಯ್ಕೆ ಇದ್ದರೆ ಮೊದಲು ಅದನ್ನು ಆರಿಸಿ.

ಹೆಚ್ಚು ಮೆಗಾಪಿಕ್ಸೆಲ್ ಇದ್ದರೆ ಫೋಕಸ್ ಚೆನ್ನಾಗಿ ಹಿಡಿಯುತ್ತದೆ ಎಂಬುದು ಅಂಗಡಿಯವರ ಮಾತು, ಅವೆರಡಕ್ಕೂ ನಂಟಿಲ್ಲ. ಕುಣಿತದವರು ಮಸುಕಾಗಿದ್ದನ್ನೆಲ್ಲ ಫೋಕಸಿನ ತಪ್ಪೆನ್ನುವುದೂ ಸುಳ್ಳು: ಕೈಕಾಲು ಮಾತ್ರ ಒಂದು ದಿಕ್ಕಿಗೆ ಎಳೆದಂತಾಗಿ ಹಿಂದಿನ ಗೋಡೆ ಸ್ಪಷ್ಟವಿದ್ದರೆ ಅದು ಶಟರ್ ನಿಧಾನವಾದದ್ದು. ಇಡೀ ಚಿತ್ರವೇ ಉಬ್ಬಿ ಕುಗ್ಗಿದಂತೆ ಕಂಡರೆ ಆಗ ಲೆನ್ಸ್ ಹುಡುಕುತ್ತಿದೆ.

ಇಷ್ಟಾದರೂ ನಮ್ಮವರು ನಂಬುವುದು ಮೂವತ್ತು ಸೆಕೆಂಡಿನ ರೀಲನ್ನು. “ಈ ಸೀಕ್ರೆಟ್ ಸೆಟ್ಟಿಂಗ್ ಕಂಪನಿಯವರು ಬಚ್ಚಿಟ್ಟಿದ್ದಾರೆ” ಎಂದು ಯಾರೋ ಕಿರುಚಿದರೆ ಸಾಕು, ಕೇಳದೆ ಶೇರ್. ಮೊಬೈಲಿನ ಸೆಟ್ಟಿಂಗ್ಸ್ ತೆರೆದು ನಾಲ್ಕು ಸಾಲು ಓದುವುದಿಲ್ಲ, ಮನೆಯಂಗಳದಲ್ಲಿ ಒಮ್ಮೆ ಮಗುವನ್ನು ಓಡಿಸಿ ಪರೀಕ್ಷೆ ಮಾಡುವುದಿಲ್ಲ. ಮೊನ್ನೆ ಒಬ್ಬರು, ಪರದೆಗೆ ಎರಡು ಬೆರಳು ಒಟ್ಟಿಗೆ ಒತ್ತಿದರೆ ಫೋಕಸ್ ಗಟ್ಟಿಯಾಗುತ್ತದೆ ಎಂದು ನನಗೇ ಹೇಳಿಕೊಟ್ಟರು. ಒತ್ತಿ ತೋರಿಸಿದರು. ಜೂಮ್ ಆಯಿತು.