ನಾನೂರು ಮನೆ ಕೇಳಿ ಇಡೀ ಊರಿನ ಲೆಕ್ಕ ಹೇಳಬಹುದೇ?

ಮೈಸೂರಿನ ಒಂದು ಸಣ್ಣ ಕಂಪನಿ ಇಡ್ಲಿ-ದೋಸೆ ಹಿಟ್ಟನ್ನು ರುಬ್ಬಿ ಪ್ಯಾಕೆಟ್ಟಿನಲ್ಲಿ ಮಾರುತ್ತದೆ ಎಂದಿಟ್ಟುಕೊಳ್ಳೋಣ. ದೊಡ್ಡ ಯಂತ್ರಕ್ಕೆ ಬ್ಯಾಂಕ್ ಸಾಲ ಮಾಡುವ ಮುಂಚೆ ಅದರ ಮಾಲೀಕರಿಗೆ ಎರಡು ಸಂಗತಿ ಗೊತ್ತಾಗಬೇಕು. ಊರಿನ ನೂರು ಮನೆಗಳಲ್ಲಿ ಎಷ್ಟು ಮನೆಯವರು ಕಳೆದ ವಾರ ಪ್ಯಾಕೆಟ್ ಹಿಟ್ಟು ತಂದಿದ್ದಾರೆ? ಈಗಿನ ಪ್ಲಾಸ್ಟಿಕ್ ಪೌಚಿನ ಬದಲು ಡಬ್ಬಿಯಲ್ಲಿ ಕೊಟ್ಟರೆ ಜನ ಒಪ್ಪುತ್ತಾರೆಯೇ? ಸಮೀಕ್ಷೆ ಮಾಡುವವರು ಬಂದು, ಐದು ದಿನದಲ್ಲಿ ನಾನೂರು ಮನೆ ಮುಗಿಸಿ ವರದಿ ಕೊಡುತ್ತೇವೆ ಎನ್ನುತ್ತಾರೆ. ಐದು ದಿನ ಎಂದ ಕೂಡಲೇ ಅದು ಕೋಟಾ ಸ್ಯಾಂಪಲಿಂಗ್ ಎಂದು ಈ ಕಸುಬು ಬಲ್ಲವರಿಗೆ ತಿಳಿದುಹೋಗುತ್ತದೆ.

ಕೋಟಾ ವಿಧಾನ ಸರಳ. ಮೊದಲು ಒಂದು ಕೋಷ್ಟಕ ಬರೆಯುತ್ತಾರೆ. ಮನೆ ನಡೆಸುವ ಹೆಂಗಸರ ವಯಸ್ಸಿಗೆ ಮೂರು ಗುಂಪು, ಮನೆಯ ಸ್ಥಿತಿಗತಿಗೆ ಮೂರು ಗುಂಪು, ಒಟ್ಟು ಒಂಬತ್ತು ಚೌಕ. ಸ್ಥಿತಿಗತಿ ಅಳೆಯಲು ಭಾರತದ ಮಾರುಕಟ್ಟೆ ಸಂಶೋಧಕರು 2011ರಿಂದ ಎನ್‌ಸಿಸಿಎಸ್ ಎಂಬ ವರ್ಗೀಕರಣವನ್ನು ಬಳಸುತ್ತ ಬಂದಿದ್ದಾರೆ. ಆದಾಯ ಕೇಳಿದರೆ ಯಾರೂ ನಿಜ ಹೇಳುವುದಿಲ್ಲವಾದ್ದರಿಂದ ಅದರಲ್ಲಿ ಕೇಳುವುದು ಎರಡೇ: ಮನೆಯ ಮುಖ್ಯ ದುಡಿಮೆಗಾರ ಎಷ್ಟು ಓದಿದ್ದಾನೆ, ಫ್ರಿಜ್ಜು, ಗ್ಯಾಸ್ ಒಲೆ, ಕಾರು ಇತ್ಯಾದಿ ಹನ್ನೊಂದು ವಸ್ತುಗಳ ಪಟ್ಟಿಯಲ್ಲಿ ಮನೆಯಲ್ಲಿ ಎಷ್ಟಿವೆ. ಊರಿನಲ್ಲಿ ಯಾವ ಗುಂಪಿನವರು ಎಷ್ಟಿದ್ದಾರೋ ಅದೇ ಪ್ರಮಾಣದಲ್ಲಿ ನಾನೂರನ್ನು ಈ ಚೌಕಗಳಿಗೆ ಹಂಚುತ್ತಾರೆ. ಎಂಟು ಜನ ಫೀಲ್ಡಿಗೆ ಇಳಿದು ದಿನಕ್ಕೆ ಹತ್ತರಂತೆ ಸಂದರ್ಶನ ಮಾಡಿದರೆ ಐದನೇ ದಿನ ಸಂಜೆಗೆ ಎಲ್ಲ ಚೌಕವೂ ತುಂಬಿರುತ್ತದೆ.

ತುಂಬಿದ ಕೋಷ್ಟಕ ನೋಡಿದರೆ ಅದು ಮೈಸೂರಿನ ಪಡಿಯಚ್ಚಿನಂತೆಯೇ ಕಾಣುತ್ತದೆ. ವಯಸ್ಸು ಸರಿ, ವರ್ಗ ಸರಿ. ಆದರೆ ಒಂದು ಚೌಕದೊಳಗೆ ನಿರ್ದಿಷ್ಟವಾಗಿ ಯಾರು ಬಂದು ಕೂರಬೇಕು ಎಂಬುದನ್ನು ತೀರ್ಮಾನಿಸಿದವರು ಯಾರು? ಬೆಳಿಗ್ಗೆ ಹನ್ನೊಂದಕ್ಕೆ ಕುವೆಂಪುನಗರದ ಬೀದಿಯಲ್ಲಿ ನಿಂತಿರುವ ಫೀಲ್ಡ್ ಹುಡುಗಿ. ಆಕೆಗೆ ದುಡ್ಡು ಸಂದರ್ಶನದ ಲೆಕ್ಕದಲ್ಲಿ. ಮೂವತ್ತರಿಂದ ನಲವತ್ತೈದರ ವಯಸ್ಸಿನ, ಮಧ್ಯಮ ವರ್ಗದ ಇನ್ನಿಬ್ಬರು ಬೇಕು. ಮೊದಲ ಮನೆಗೆ ಬೀಗ. ಎರಡನೇ ಮನೆಯಲ್ಲಿ ನಾಯಿ. ಮೂರನೇ ಮನೆಯ ಅಮ್ಮ ಗೇಟಿನ ಹತ್ತಿರವೇ ಸೊಪ್ಪು ಬಿಡಿಸುತ್ತ ಕೂತಿದ್ದಾರೆ, ‘ಬಾಮ್ಮ’ ಎಂದು ಕರೆಯುತ್ತಾರೆ. ಆಕೆ ಒಳಗೆ ಹೋಗುತ್ತಾಳೆ. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ, ನಿಯಮ ಮೀರಿಲ್ಲ, ಕೋಟಾ ತುಂಬುತ್ತಿದೆ.

ಬೀಗ ಬಿದ್ದ ಮನೆ ಯಾರದು ಎಂಬುದೇ ಇಲ್ಲಿನ ಪ್ರಶ್ನೆ. ಆ ಮನೆಯ ಗೃಹಿಣಿ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲೋ ಯಾವುದೋ ಶಾಲೆಯಲ್ಲೋ ಕೆಲಸಕ್ಕೆ ಹೋಗಿದ್ದಾರೆ. ಅಕ್ಕಿ ನೆನೆಹಾಕಿ, ರುಬ್ಬಿ, ಹುದುಗು ಬರಲು ಕಾಯುವಷ್ಟು ಪುರಸೊತ್ತು ಇಲ್ಲದ್ದರಿಂದಲೇ ಪ್ಯಾಕೆಟ್ ಹಿಟ್ಟು ತರುವವರು ಅವರು. ಅಂದರೆ ಕಂಪನಿ ಯಾರ ಬಗ್ಗೆ ತಿಳಿಯಬೇಕಿತ್ತೋ ಅವರೇ ಸಮೀಕ್ಷೆಯ ಕೈಗೆ ಸಿಗದವರು.

ಲೆಕ್ಕ ಹಾಕಿ ನೋಡೋಣ. ಊರಿನ ನೂರು ಮನೆಗಳಲ್ಲಿ ಮೂವತ್ತರಲ್ಲಿ ಗೃಹಿಣಿ ಹೊರಗೆ ದುಡಿಯುತ್ತಾರೆ, ಅವುಗಳಲ್ಲಿ ಅರ್ಧದಷ್ಟು ಮನೆಯವರು ಪ್ಯಾಕೆಟ್ ಹಿಟ್ಟು ಕೊಳ್ಳುತ್ತಾರೆ ಎನ್ನಿ. ಉಳಿದ ಎಪ್ಪತ್ತು ಮನೆಗಳಲ್ಲಿ ಐದಕ್ಕೆ ಒಂದು ಮನೆ ಕೊಳ್ಳುತ್ತದೆ. ಹದಿನೈದು ಮತ್ತು ಹದಿನಾಲ್ಕು ಸೇರಿ ನಿಜವಾದ ಉತ್ತರ ಶೇ. 29. ಹಗಲು ಹೊತ್ತಿನ ಕೋಟಾ ಮಾದರಿಯಲ್ಲಿ ದುಡಿಯುವ ಗೃಹಿಣಿಯರು ಮೂವತ್ತರ ಬದಲು ನೂರಕ್ಕೆ ಹತ್ತು ಮಾತ್ರ ಸಿಕ್ಕರೆ ಉತ್ತರ ಐದು ಮತ್ತು ಹದಿನೆಂಟು, ಅಂದರೆ ಶೇ. 23ಕ್ಕೆ ಇಳಿಯುತ್ತದೆ. ಅದೇ ತಂಡ ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತು ಅದೇ ಒಂಬತ್ತು ಚೌಕ ತುಂಬಿದ್ದರೆ ಉತ್ತರ ಬಹುಶಃ ಮೇಲಕ್ಕೆ ಜಿಗಿಯುತ್ತಿತ್ತು. ನಾನೂರರ ಬದಲು ನಾಲ್ಕು ಸಾವಿರ ಜನರನ್ನು ಹೀಗೆಯೇ ಕೇಳಿದರೂ 23 ಹೋಗಿ 29 ಆಗುವುದಿಲ್ಲ. ತಪ್ಪು ಉತ್ತರದ ಬಗ್ಗೆ ಧೈರ್ಯ ಮಾತ್ರ ಹೆಚ್ಚುತ್ತದೆ.

ಹಾಗಾದರೆ ಉದ್ಯೋಗಕ್ಕೂ ಒಂದು ಕೋಟಾ ಇಟ್ಟರಾಯಿತಲ್ಲ ಎನ್ನಬಹುದು. ಇಡಬೇಕು, ಅದರಿಂದ ಸುಧಾರಣೆಯೂ ಆಗುತ್ತದೆ. ಆದರೆ ವಾರದ ದಿನ ಹನ್ನೊಂದಕ್ಕೆ ಮನೆಯಲ್ಲಿ ಸಿಗುವ ಉದ್ಯೋಗಸ್ಥೆ ರಜೆಯಲ್ಲಿರುವವರು, ಮನೆಯಿಂದಲೇ ಕೆಲಸ ಮಾಡುವವರು, ಇಲ್ಲವೇ ರಾತ್ರಿ ಪಾಳಿಯವರು. ಅವರ ಅಡುಗೆಮನೆ ಆರೂವರೆಗೆ ಬಸ್ಸಿಳಿದು ಬರುವವರ ಅಡುಗೆಮನೆಯಂತೆ ನಡೆಯುವುದಿಲ್ಲ.

ಸುಲಭಕ್ಕೆ ಸಿಗುವವರು ಮತ್ತು ಸಿಗದವರ ನಡುವಿನ ಅಂತರ ಎಷ್ಟಿರಬಹುದು ಎಂಬುದಕ್ಕೆ ಬ್ರಿಟನ್ನಿನ 2015ರ ಚುನಾವಣೆಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಮತದಾನದ ಮುನ್ನಾದಿನದ ಸಮೀಕ್ಷೆಗಳು ಕನ್ಸರ್ವೇಟಿವ್ ಮತ್ತು ಲೇಬರ್ ಪಕ್ಷಗಳು ಸರಿಸಮ ಎಂದವು. ಪೆಟ್ಟಿಗೆ ತೆರೆದಾಗ ಕನ್ಸರ್ವೇಟಿವ್ ಪಕ್ಷ ಆರೂವರೆ ಅಂಶದಷ್ಟು ಮುಂದಿತ್ತು. ತನಿಖೆಗೆ ಕೂತ ಸಂಖ್ಯಾಶಾಸ್ತ್ರಜ್ಞರ ಸಮಿತಿ, ಮಾದರಿಗಳೇ ಜನತೆಯನ್ನು ಪ್ರತಿನಿಧಿಸುತ್ತಿರಲಿಲ್ಲ ಎಂದು ಹೇಳಿತು. ಆ ಸಮೀಕ್ಷೆಗಳು ಇಂಟರ್ನೆಟ್ಟು, ಫೋನಿನಲ್ಲಿ ಸಿಕ್ಕವರನ್ನು ವಯಸ್ಸು, ಲಿಂಗದ ಪ್ರಮಾಣಕ್ಕೆ ಹೊಂದಿಸಿಕೊಂಡಿದ್ದವು. ಅದೇ ವರ್ಷ ‘ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್’ ಸಮೀಕ್ಷೆ ವಿಳಾಸಗಳನ್ನು ಲಾಟರಿ ಎತ್ತಿದಂತೆ ಆರಿಸಿ, ಜುಲೈಯಿಂದ ನವೆಂಬರ್‌ವರೆಗೆ ಅದೇ ಬಾಗಿಲುಗಳನ್ನು ಮತ್ತೆ ಮತ್ತೆ ತಟ್ಟಿ, ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು. ಯಾರಿಗೆ ಮತ ಹಾಕಿದ್ದಿರಿ ಎಂದು ಕೇಳಿದಾಗ ಬಂದ ಉತ್ತರ ನಿಜಕ್ಕೆ ತೀರ ಹತ್ತಿರವಿತ್ತು, ಆರು ಅಂಶದ ಮುನ್ನಡೆ. ಅದರೊಳಗಿನ ಇನ್ನೊಂದು ವಿವರ ಹೆಚ್ಚು ಸ್ವಾರಸ್ಯದ್ದು. ಮೊದಲ ಭೇಟಿಯಲ್ಲೇ ಸಿಕ್ಕವರನ್ನಷ್ಟೇ ಎಣಿಸಿದರೆ ಲೇಬರ್ ಪಕ್ಷವೇ ಆರು ಅಂಶ ಮುಂದಿತ್ತು. ಮೂರರಿಂದ ಆರು ಬಾರಿ ಎಡತಾಕಿದ ಮೇಲೆ ಸಿಕ್ಕವರಲ್ಲಿ ಕನ್ಸರ್ವೇಟಿವ್ ಹನ್ನೊಂದು ಅಂಶ ಮುಂದಿತ್ತು.

ಪ್ರಾಬಬಿಲಿಟಿ ಸ್ಯಾಂಪಲಿಂಗ್ ಎಂದರೆ ಇದೇ. ಊರಿನ ಪ್ರತಿ ಮನೆಗೂ ಆಯ್ಕೆಯಾಗುವ ಅವಕಾಶ ಇರಬೇಕು, ಆ ಅವಕಾಶ ಎಷ್ಟೆಂದು ಲೆಕ್ಕ ಗೊತ್ತಿರಬೇಕು, ಫೀಲ್ಡಿನವರ ಇಷ್ಟಕ್ಕೆ ಅಲ್ಲಿ ಜಾಗವಿರಬಾರದು. ನಮ್ಮ ಹಿಟ್ಟಿನ ಕಂಪನಿಗೆ ಇದನ್ನು ಮಾಡಬೇಕಾದರೆ ಮೈಸೂರಿನ ಮತಗಟ್ಟೆ ವ್ಯಾಪ್ತಿಗಳ ಪಟ್ಟಿ ಹಿಡಿದು, ದೊಡ್ಡದಕ್ಕೆ ಹೆಚ್ಚು ಅವಕಾಶ ಸಿಗುವ ಹಾಗೆ ಚೀಟಿ ಎತ್ತಿ ನಲವತ್ತನ್ನು ಆರಿಸಬೇಕು. ಒಂದೊಂದರಲ್ಲೂ ಬೀದಿ ಬೀದಿ ಸುತ್ತಿ ಎಲ್ಲ ಮನೆಗಳನ್ನು ಪಟ್ಟಿ ಮಾಡಬೇಕು. ಮಹಡಿಯ ಮೇಲಿನ ಬಾಡಿಗೆ ಮನೆ, ಹಿತ್ತಲಿನ ಒಂಟಿ ಕೋಣೆ ಎಲ್ಲವೂ ಅದರಲ್ಲಿ ಬರಬೇಕು. ಮತದಾರರ ಪಟ್ಟಿಯನ್ನೇ ನೇರವಾಗಿ ನೆಚ್ಚಿಕೊಂಡರೆ ಮೊನ್ನೆ ಮೊನ್ನೆ ಊರಿಗೆ ಬಂದ ಬಾಡಿಗೆದಾರರು ಬಿಟ್ಟುಹೋಗುತ್ತಾರೆ. ಪ್ಯಾಕೆಟ್ ಹಿಟ್ಟಿಗೆ ಅವರು ಒಳ್ಳೆಯ ಗಿರಾಕಿಗಳು. ಆಮೇಲೆ ಪ್ರತಿ ಪಟ್ಟಿಯಿಂದ ಸಮಾನ ಅಂತರದಲ್ಲಿ ಹದಿನೈದು ಮನೆ, ಒಟ್ಟು ಆರುನೂರು. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗುವಂತಿಲ್ಲ. ಸಂಜೆ ಒಮ್ಮೆ, ಭಾನುವಾರ ಒಮ್ಮೆ, ಹೀಗೆ ಕಡೇಪಕ್ಷ ಮೂರು ಸಲ ಅದೇ ಬಾಗಿಲಿಗೆ ಹೋಗಬೇಕು. ಐದು ದಿನದ ಕೆಲಸ ಮೂರು ವಾರಕ್ಕೆ ಹಿಗ್ಗುವುದು ಇಲ್ಲಿಯೇ.

ಆ ಆರುನೂರರಲ್ಲಿ 420 ಮನೆ ಉತ್ತರ ಕೊಟ್ಟು, ಶೇ. 29 ಮನೆಗಳು ಹಿಟ್ಟು ಕೊಂಡಿವೆ ಎಂದು ಬಂತೆನ್ನಿ. ಬರೀ 420 ಮನೆಯನ್ನು ಊರೆಲ್ಲ ಚದುರಿದಂತೆ ಆರಿಸಿದ್ದರೆ ಅದೃಷ್ಟದ ಏರುಪೇರು ನಾಲ್ಕು ಅಂಶದ ಆಸುಪಾಸಿನಲ್ಲಿರುತ್ತಿತ್ತು. ಒಂದೇ ಬೀದಿಯವರು ಒಬ್ಬರಂತೆ ಒಬ್ಬರು ಇರುವುದರಿಂದ, ಗುಂಪು ಗುಂಪಾಗಿ ಆರಿಸಿದ್ದಕ್ಕೆ ಅದು ಐದನ್ನು ದಾಟಬಹುದು. ಆಗ ವರದಿಯಲ್ಲಿ ಹೀಗೆ ಬರೆಯಬಹುದು: ಮೈಸೂರು ನಗರದಲ್ಲಿ ಶೇ. 24ರಿಂದ 34ರಷ್ಟು ಮನೆಯವರು ಕಳೆದ ವಾರ ಪ್ಯಾಕೆಟ್ ಹಿಟ್ಟು ಕೊಂಡಿದ್ದಾರೆ, ಈ ವಿಧಾನವನ್ನು ನೂರು ಸಲ ಮಾಡಿದರೆ ಸುಮಾರು 95 ಸಲ ನಿಜವಾದ ಸಂಖ್ಯೆ ಹೀಗೆ ಬರುವ ಮಿತಿಯೊಳಗೆ ಬೀಳುತ್ತದೆ. ಜೊತೆಗೆ 180 ಮನೆ ಉತ್ತರಿಸಿಲ್ಲ ಎಂಬುದನ್ನೂ ಬರೆಯಲೇಬೇಕು. ಆ ಏರುಪೇರಿನ ಲೆಕ್ಕ ಬಾಗಿಲು ತೆರೆಯದವರಿಗೆ ಉತ್ತರ ಹೇಳುವುದಿಲ್ಲ. ಮಂಡ್ಯಕ್ಕೋ ಬೆಂಗಳೂರಿಗೋ ಈ ಸಂಖ್ಯೆಯನ್ನು ಹೊತ್ತೊಯ್ಯುವಂತೆಯೂ ಇಲ್ಲ.

ಕೋಟಾ ವರದಿಗಳಲ್ಲಿ ಕಾಣುವ ದೊಡ್ಡ ಮೋಸ, ಬಹಳ ಸಲ ಗೊತ್ತಿಲ್ಲದೆ ನಡೆಯುವ ಮೋಸ, ಈ ಏರುಪೇರಿನ ಸಂಖ್ಯೆಯನ್ನು ಅಲ್ಲಿಗೂ ತಂದು ಅಂಟಿಸುವುದು. ನಾನೂರು ಜನ ಎಂದ ತಕ್ಷಣ ಯಾರೋ ಸೂತ್ರ ಹಾಕಿ ‘ದೋಷದ ಮಿತಿ ಶೇ. 5’ ಎಂದು ಅಡಿಟಿಪ್ಪಣಿ ಬರೆದುಬಿಡುತ್ತಾರೆ. ಚೀಟಿ ಎತ್ತಿದಲ್ಲಿ ಮಾತ್ರ ಆ ಸೂತ್ರಕ್ಕೆ ಅರ್ಥ. ಸೊಪ್ಪು ಬಿಡಿಸುತ್ತಿದ್ದ ಅಮ್ಮನನ್ನು ಆರಿಸಿದ್ದು ಚೀಟಿಯಲ್ಲ.

ಹಾಗಂತ ಐದು ದಿನದ ಸಮೀಕ್ಷೆ ದಂಡ ಎನ್ನುವುದು ಅನ್ಯಾಯ. ಮಾಲೀಕರ ಎರಡನೇ ಪ್ರಶ್ನೆಗೆ ಅದು ಚೆನ್ನಾಗಿಯೇ ಉತ್ತರಿಸಬಲ್ಲದು. ನಾನೂರು ಹೆಂಗಸರಿಗೂ ಪೌಚು, ಡಬ್ಬಿ ಎರಡನ್ನೂ ತೋರಿಸಿದಾಗ 270 ಜನ ಡಬ್ಬಿ ಎಂದರು, ಒಂಬತ್ತು ಚೌಕಗಳಲ್ಲೂ ಡಬ್ಬಿಯೇ ಮುಂದಿತ್ತು ಎನ್ನಿ. ಮೈಸೂರಿನ ಮೂರರಲ್ಲಿ ಎರಡು ಪಾಲು ಜನ ಡಬ್ಬಿ ಬಯಸುತ್ತಾರೆ ಎಂದು ಬರೆಯಲು ಆಗುವುದಿಲ್ಲ. ಕೇಳಿದ ಎಲ್ಲ ಬಗೆಯ ಮನೆಗಳಲ್ಲೂ ಡಬ್ಬಿಗೆ ಒಲವು ಕಂಡಿತು, ಎಲ್ಲೂ ತಿರುಗುಮುರುಗಾಗಲಿಲ್ಲ ಎಂದು ಬರೆಯಬಹುದು. ಡಬ್ಬಿಯ ಅಚ್ಚು ಮಾಡಿಸಲು ಇಷ್ಟು ಸಾಕು. ಪೌಚು ಕತ್ತರಿಸಿದ ಮೇಲೆ ಉಳಿದ ಹಿಟ್ಟನ್ನು ಇನ್ನೊಂದು ಪಾತ್ರೆಗೆ ಸುರಿಯಬೇಕು ಎಂಬಂಥ ದೂರುಗಳನ್ನು ಹೆಕ್ಕಲು ಕೂಡ ಇದೇ ಬೇಗದ ದಾರಿ.

ಬೆಲೆಯ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಅದೇ ನಾನೂರು ಜನರನ್ನು ಚೀಟಿ ಎತ್ತಿ ಎರಡು ಭಾಗ ಮಾಡಿ, ಒಂದು ಭಾಗಕ್ಕೆ 45 ರೂಪಾಯಿ, ಇನ್ನೊಂದಕ್ಕೆ 55 ರೂಪಾಯಿ ಎಂದು ಹೇಳುವುದು. ಮೊದಲ ಇನ್ನೂರರಲ್ಲಿ 120 ಜನ, ಎರಡನೇ ಇನ್ನೂರರಲ್ಲಿ 90 ಜನ ಕೊಳ್ಳುತ್ತೇವೆ ಎಂದರೆ ಆ ಮೂವತ್ತರ ಅಂತರ ಬರೀ ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ. ಇಲ್ಲಿ ಸಂಖ್ಯಾಶಾಸ್ತ್ರದ ಪರೀಕ್ಷೆ ನ್ಯಾಯವಾಗಿಯೇ ಸಲ್ಲುತ್ತದೆ, ಏಕೆಂದರೆ ಯಾರಿಗೆ ಯಾವ ಬೆಲೆ ಎಂಬುದನ್ನು ಚೀಟಿ ತೀರ್ಮಾನಿಸಿದೆ. ಬೆಲೆ ಏರಿದರೆ ಈ ಜನರಲ್ಲಿ ಒಲವು ಇಳಿಯುತ್ತದೆ ಎಂಬುದು ಗಟ್ಟಿ ಮಾತು. ಇಡೀ ಊರಿನಲ್ಲಿ ಎಷ್ಟು ಇಳಿಯುತ್ತದೆ ಎಂಬುದು ಮಾತ್ರ ಊಹೆ.

ಇವೆರಡರ ನಡುವೆ ವೇಷ ಹಾಕಿದ ಮೂರನೆಯದೊಂದಿದೆ. ಒಂದು ವಿಳಾಸದಿಂದ ಹೊರಟು, ಯಾವಾಗಲೂ ಬಲಕ್ಕೇ ತಿರುಗುತ್ತ, ಮೂರು ಮನೆಗೊಂದರಂತೆ ಹೋಗು ಎಂಬ ‘ಬಲಗೈ ನಿಯಮ’ ಫೀಲ್ಡಿನಲ್ಲಿ ಎಲ್ಲರಿಗೂ ಗೊತ್ತು. ವರದಿಯಲ್ಲಿ ಇದು ‘ರ‍್ಯಾಂಡಮ್’ ಎಂಬ ಹೆಸರಿನಲ್ಲಿ ಬರುತ್ತದೆ. ಬೀಗ ಕಂಡಲ್ಲಿ ಮುಂದಿನ ಮನೆಗೆ ಹೋಗಲು ಬಿಟ್ಟಿದ್ದರೆ ಅದು ಮತ್ತೆ ಸಿಕ್ಕವರ ಸಮೀಕ್ಷೆಯೇ. ಇದನ್ನು ಪತ್ತೆ ಹಚ್ಚಲು ಮಾಲೀಕರು ವರದಿಯ ಬದಲು ಫೀಲ್ಡ್ ಶೀಟುಗಳನ್ನು ತರಿಸಿ ನೋಡಬೇಕು. ಎಷ್ಟು ಬಾಗಿಲು ತಟ್ಟಿದರು, ಎಷ್ಟಕ್ಕೆ ಬೀಗವಿತ್ತು, ಮರುಭೇಟಿ ಯಾವಾಗ ಆಯಿತು, ಸಂದರ್ಶನಗಳು ಯಾವ ಗಂಟೆಯಲ್ಲಿ ನಡೆದವು. ನಾನೂರು ಸಂದರ್ಶನವೂ ಹತ್ತರಿಂದ ನಾಲ್ಕರೊಳಗೆ ಮುಗಿದು, ಬೀಗದ ಕಾಲಂ ಖಾಲಿ ಇದ್ದರೆ, ಬ್ಯಾಂಕಿಗೆ ಕೊಡುವ ಅರ್ಜಿಯಲ್ಲಿ ‘ಮೈಸೂರಿನ ಶೇ. 23 ಮನೆಗಳು’ ಎಂಬ ಸಾಲನ್ನು ಹೊಡೆದುಹಾಕಿ ‘ನಾವು ಹಗಲಿನಲ್ಲಿ ಮಾತನಾಡಿಸಿದ 400 ಗೃಹಿಣಿಯರಲ್ಲಿ 92 ಮಂದಿ’ ಎಂದು ತಿದ್ದಬೇಕಾಗುತ್ತದೆ. ಯಂತ್ರದ ಸಾಲ ಆ ಮೊದಲ ಸಾಲಿನ ಮೇಲೆಯೇ ನಿಂತಿದ್ದರೆ, ಮೂರು ವಾರದ ಖರ್ಚನ್ನು ಅದರ ಬಡ್ಡಿಯ ಪಕ್ಕದಲ್ಲಿಟ್ಟು ಲೆಕ್ಕ ಹಾಕಬೇಕಾದವರು ಮಾಲೀಕರೇ.