ಬೇರೆಯವರ ಗೋಪ್ಯ ಮೇಲ್ ನಮಗೆ ಬಂದಾಗ

2009ರ ಆಗಸ್ಟ್‌ನಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ರಾಕಿ ಮೌಂಟನ್ ಬ್ಯಾಂಕಿನ ಗ್ರಾಹಕರೊಬ್ಬರು ತಮ್ಮ ಸಾಲದ ಕೆಲವು ವಿವರಗಳನ್ನು ತಮ್ಮ ಪ್ರತಿನಿಧಿಗೆ ಇಮೇಲ್ ಮಾಡಿ ಎಂದು ಕೇಳಿದರು. ನೌಕರರೊಬ್ಬರು ಕಳಿಸಿದರು, ಆದರೆ ಜಿಮೇಲ್ ವಿಳಾಸ ತಪ್ಪಿತ್ತು. ಸಾಲದ್ದಕ್ಕೆ ಕಳಿಸಬಾರದ ಇನ್ನೊಂದು ಫೈಲೂ ಜೊತೆಗೆ ಹೋಗಿತ್ತು. ಅದರಲ್ಲಿ 1,325 ಖಾತೆಗಳ ಹೆಸರು, ವಿಳಾಸ, ತೆರಿಗೆ ಗುರುತಿನ ಸಂಖ್ಯೆ, ಸಾಲದ ಮಾಹಿತಿ ಇತ್ತು. ಮಾರನೆಯ ದಿನ ಎಡವಟ್ಟು ಗೊತ್ತಾಗಿ, ಮೇಲನ್ನು ಹಿಂದಕ್ಕೆ ಪಡೆಯಲು ನೋಡಿದರು, ಆಗಲಿಲ್ಲ. ಹಿಂದಿನ ಮೇಲನ್ನು ತೆರೆಯದೆ ಅಳಿಸಿ, ನಮ್ಮನ್ನು ಸಂಪರ್ಕಿಸಿ ಎಂದು ಅದೇ ವಿಳಾಸಕ್ಕೆ ಮತ್ತೆ ಬರೆದರು. ಉತ್ತರ ಬರಲಿಲ್ಲ.

ಖಾತೆ ಯಾರದೆಂದು ಬ್ಯಾಂಕು ಗೂಗಲ್ ಅನ್ನು ಕೇಳಿತು. ಕಾನೂನು ಪ್ರಕ್ರಿಯೆ ಇಲ್ಲದೆ ಹೇಳಲಾಗದು ಎಂದಿತು ಗೂಗಲ್. ವಿಷಯ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶ ಜೇಮ್ಸ್ ವೇರ್ ಆ ಖಾತೆಯನ್ನೇ ನಿಷ್ಕ್ರಿಯಗೊಳಿಸಲು ಆದೇಶಿಸಿದರು. ಏನೂ ತಪ್ಪು ಮಾಡದ ವ್ಯಕ್ತಿಯೊಬ್ಬರ ಮೇಲ್ ಖಾತೆ ಹೀಗೆ ಮುಚ್ಚಿಹೋಯಿತು. ಆ ಮೇಲನ್ನು ಯಾರೂ ತೆರೆದೇ ಇರಲಿಲ್ಲ ಎಂಬುದು ಆಮೇಲೆ ಹೊರಬಿತ್ತು. ಖಾತೆಯೂ ಮರಳಿ ಸಿಕ್ಕಿತು.

"ಮೇಲ್ ನನಗೆ ಬಂದಿದೆ, ತೆರೆದಿಲ್ಲ, ಅಳಿಸಿದ್ದೇನೆ" ಎಂದು ಯಾರಾದರೂ ಬರೆದಿದ್ದರೆ ಬ್ಯಾಂಕು ಕೋರ್ಟಿನ ಮೆಟ್ಟಿಲು ಹತ್ತಬೇಕಿರಲಿಲ್ಲ. ಕಳಿಸಿದವರ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯಲು ಹೆಚ್ಚೆಂದರೆ 30 ಸೆಕೆಂಡ್ ಸಿಗುತ್ತದೆ. ಔಟ್‌ಲುಕ್‌ನ ರೀಕಾಲ್ ನಡೆಯುವುದು ಒಂದೇ ಸಂಸ್ಥೆಯ ಒಳಗೆ ಮಾತ್ರ. ಅದರಾಚೆ ಹೋದ ಮೇಲ್ ಏನಾಯಿತೆಂದು ಬಲ್ಲವರು ಪಡೆದವರೊಬ್ಬರೇ.

ನಮ್ಮಲ್ಲಿ ಇದು ನಡೆಯುವ ಸಾಮಾನ್ಯ ದಾರಿ ಇನಿಶಿಯಲ್‌ಗಳದ್ದು. ಒಂದೇ ಹೆಸರಿನ ಮುಂದೆ ಕೆ.ಎಸ್. ಇರುವವರೂ ಎಸ್.ಕೆ. ಇರುವವರೂ ಇದ್ದಾರೆ. ಕೌಂಟರಿನಲ್ಲಿ ವಿಳಾಸ ಹೇಳುವಾಗ ಒಂದಕ್ಷರ ಅದಲುಬದಲಾದರೆ ಸಾಕು. ಜಿಮೇಲ್ ವಿಳಾಸದ ನಡುವಿನ ಚುಕ್ಕಿಗಳಿಗೆ ಬೆಲೆ ಇಲ್ಲ ಎಂಬುದೂ ಹಲವರಿಗೆ ಗೊತ್ತಿಲ್ಲ. ಚುಕ್ಕಿ ಇದ್ದರೂ ಇಲ್ಲದಿದ್ದರೂ ಅದು ಒಂದೇ ಖಾತೆ. "ಚುಕ್ಕಿ ಹಾಕಿದ್ದು ನನ್ನದು, ಹಾಕದ್ದು ಬೇರೆಯವರದು" ಎಂದು ನಂಬಿ ತಮ್ಮದಲ್ಲದ ವಿಳಾಸವನ್ನು ಬರೆಸಿ ಬರುವವರಿದ್ದಾರೆ.

ಮೈಸೂರಿನ ಗೃಹಿಣಿಯೊಬ್ಬರಿಗೆ ಯಾವುದೋ ಊರಿನ ಲ್ಯಾಬಿನಿಂದ ಇನ್ಯಾರದೋ ರಕ್ತಪರೀಕ್ಷೆಯ ವರದಿ ಬಂತು ಎಂದಿಟ್ಟುಕೊಳ್ಳೋಣ. ಮೊದಲು ನೋಡಬೇಕಾದ್ದು ಇದು ನಿಜವಾದ ಮೇಲೋ, ಬಲೆಯೋ ಎಂದು. ತಪ್ಪಿ ಬಂದಂತೆ ನಟಿಸುವ ಮೇಲ್‌ಗಳು ವಂಚಕರ ಹಳೆಯ ಉಪಾಯ. ಪರರ ಸಂಬಳದ ಪಟ್ಟಿಯೋ ಗುಪ್ತ ವರದಿಯೋ ಇದೆ ಎಂದರೆ ಕುತೂಹಲಕ್ಕೆ ಫೈಲ್ ತೆರೆಯುವವರೇ ಹೆಚ್ಚು. ಆದ್ದರಿಂದ ಕಳಿಸಿದವರ ಹೆಸರನ್ನಷ್ಟೇ ನಂಬದೆ @ ಚಿಹ್ನೆಯ ನಂತರ ಏನಿದೆ ಎಂದು ನೋಡಬೇಕು. ಲಿಂಕ್ ಒತ್ತಬಾರದು. ಅನುಮಾನವಿದ್ದರೆ ಲ್ಯಾಬಿನ ಜಾಲತಾಣವನ್ನು ತಾವೇ ಹುಡುಕಿ, ಅಲ್ಲಿರುವ ನಂಬರಿಗೆ ಫೋನ್ ಮಾಡಬೇಕು. ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗೆ ಬೇಡ.

ಮೇಲ್ ನಿಜವೆಂದು ಗೊತ್ತಾದ ಮೇಲೆ ಬರೆಯಬೇಕಾದ ಪತ್ರ ಹೀಗಿರಬಹುದು:

"ನಮಸ್ಕಾರ. ಮಾರ್ಚ್ 4ರ ಸಂಜೆ 6.10ಕ್ಕೆ ನಿಮ್ಮ ಲ್ಯಾಬಿನಿಂದ ರಕ್ತಪರೀಕ್ಷೆಯ ವರದಿಯೊಂದು ನನಗೆ ಬಂದಿದೆ. ನಾನು ನಿಮ್ಮಲ್ಲಿ ಯಾವ ಪರೀಕ್ಷೆಯನ್ನೂ ಮಾಡಿಸಿಲ್ಲ. ನನ್ನದೇ ಇರಬಹುದೆಂದು ಫೈಲ್ ತೆರೆದೆ. ಹೆಸರು, ವಯಸ್ಸು, ಮೊದಲ ಪುಟದ ಕೆಲವು ಸಾಲು ಕಣ್ಣಿಗೆ ಬಿದ್ದವು, ಅಲ್ಲಿಗೇ ಮುಚ್ಚಿದೆ. ಫೋನಿನಲ್ಲಿ ಡೌನ್‌ಲೋಡ್ ಆಗಿದ್ದ ಪ್ರತಿಯನ್ನು ಅಳಿಸಿದ್ದೇನೆ. ಯಾರಿಗೂ ಕಳಿಸಿಲ್ಲ, ತೋರಿಸಿಲ್ಲ, ಪ್ರಿಂಟ್ ತೆಗೆದಿಲ್ಲ. ಮೂಲ ಮೇಲ್ ಇನ್ನೂ ನನ್ನ ಇನ್‌ಬಾಕ್ಸ್‌ನಲ್ಲಿದೆ. ಮಾರ್ಚ್ 6ರ ಸಂಜೆ ಅದನ್ನೂ ಪೂರ್ತಿ ಅಳಿಸುತ್ತೇನೆ. ಅಷ್ಟರೊಳಗೆ ನಿಮಗೆ ಏನಾದರೂ ಬೇಕಿದ್ದರೆ ತಿಳಿಸಿ. ನಿಮ್ಮ ದಾಖಲೆಯಲ್ಲಿ ಆ ರೋಗಿಯ ಹೆಸರಿನ ಮುಂದಿರುವ ಇಮೇಲ್ ವಿಳಾಸ ನನ್ನದು, ದಯವಿಟ್ಟು ಸರಿಪಡಿಸಿ."

ಈ ಪತ್ರದಲ್ಲಿ ಅತ್ಯಂತ ಬೆಲೆಯುಳ್ಳದ್ದು "ಫೈಲ್ ತೆರೆದೆ" ಎಂಬ ಮಾತು. ಸಂಕೋಚಕ್ಕೆ ಹೆಚ್ಚಿನವರು ಇದನ್ನೇ ಮುಚ್ಚಿಡುತ್ತಾರೆ. "ನೋಡಿಲ್ಲ, ಡಿಲೀಟ್ ಮಾಡಿದ್ದೇನೆ, ಚಿಂತೆ ಬೇಡ" ಎಂದು ಒಳ್ಳೆಯ ಮನಸ್ಸಿನಿಂದಲೇ ಬರೆದುಬಿಡುತ್ತಾರೆ. ಆದರೆ ಲ್ಯಾಬು ಈಗ ಆ ರೋಗಿಗೆ ನಡೆದದ್ದನ್ನು ತಿಳಿಸಬೇಕು. ವರದಿಯನ್ನು ಅಪರಿಚಿತರು ಓದಿದ್ದಾರೋ ಇಲ್ಲವೋ ಎಂಬುದು ಆ ರೋಗಿಗೆ ದೊಡ್ಡ ವಿಷಯ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಕಸ್ಮಿಕವಾಗಿ ಮಾಹಿತಿ ಹೊರಹೋಗುವುದನ್ನೂ ಉಲ್ಲಂಘನೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಹಂತ ಹಂತವಾಗಿ ಜಾರಿಯಾಗುವ 2025ರ ನಿಯಮಗಳಂತೆ ಸಂಸ್ಥೆಯು ಮಾಹಿತಿಯ ಒಡೆಯರಿಗೆ ತಡಮಾಡದೆ ತಿಳಿಸಬೇಕು, ಮಂಡಳಿಗೆ 72 ಗಂಟೆಯೊಳಗೆ ವಿವರ ಕೊಡಬೇಕು. ಯುರೋಪಿನ ಸಂಸ್ಥೆಗಳು ತಮ್ಮಲ್ಲಿನ ನಿಯಂತ್ರಕರಿಗೆ ವರದಿ ಮಾಡಬೇಕಾದಾಗಲೂ ಗಡುವು 72 ಗಂಟೆಯೇ. ಆ ವಿವರಕ್ಕೆ ಆಧಾರ ನಿಮ್ಮ ಪತ್ರ. ಅದು ಬೇಗ ತಲುಪಬೇಕು, ಮತ್ತು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಮೊದಲು ತಿಳಿಸಿ ಆಮೇಲೆ ಅಳಿಸುವುದು ಮೇಲು ಎನ್ನುವುದಕ್ಕೂ ಇದೇ ಕಾರಣ. ಕಳಿಸಿದವರಿಗೆ ಯಾವ ಮೇಲ್, ಎಷ್ಟು ಹೊತ್ತಿಗೆ ಹೋದದ್ದು, ಎಷ್ಟು ಫೈಲ್ ಇತ್ತು ಎಂಬುದು ಬೇಕಾಗುತ್ತದೆ. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿದರೆ ನಿಮಗೇ ಹೇಳಲು ಏನೂ ಉಳಿಯುವುದಿಲ್ಲ. ಎರಡು ದಿನದ ಅವಕಾಶ ಕೊಟ್ಟು, ಅವರಿಂದ ಮಾತು ಬರದಿದ್ದರೂ ಹೇಳಿದ ದಿನ ಅಳಿಸಿಬಿಡುವುದು ನನಗೆ ಸರಿ ಕಾಣುತ್ತದೆ. ಪರರ ವರದಿಯನ್ನು ಅನಿರ್ದಿಷ್ಟವಾಗಿ ಇಟ್ಟುಕೊಳ್ಳುವುದು ಸಲ್ಲದು.

ರಿಪ್ಲೈ ಒತ್ತುವಾಗ ಒಂದು ಎಚ್ಚರ. ಹಳೆಯ ಮೇಲ್‌ನ ಒಕ್ಕಣೆ ಉತ್ತರದ ಕೆಳಗೆ ಪೂರ್ತಿ ಸೇರಿಕೊಳ್ಳುತ್ತದೆ, ಅದನ್ನು ತೆಗೆದುಹಾಕಿ. "ರಿಪ್ಲೈ ಆಲ್" ಬೇಡವೇ ಬೇಡ. ವರದಿಯಲ್ಲಿ ರೋಗಿಯ ಫೋನ್ ನಂಬರ್ ಕಂಡರೂ ನೀವೇ ಅವರಿಗೆ ಕಳಿಸಲು ಹೋಗಬೇಡಿ. ಆ ನಂಬರ್ ಸರಿಯೆಂಬ ಖಾತ್ರಿ ನಿಮಗಿಲ್ಲ. ತಮ್ಮ ಕಾಯಿಲೆಯ ವಿವರ ಅಪರಿಚಿತರ ಬಾಯಿಂದ ಕೇಳುವುದು ಅವರಿಗೂ ಬೇಡವಾದೀತು. ಮೇಲ್ noreply ವಿಳಾಸದಿಂದ ಬಂದಿದ್ದರೆ ಸಂಸ್ಥೆಯ ಜಾಲತಾಣದಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು ಹುಡುಕಿ. 2011ರ ನಿಯಮಗಳ ಪ್ರಕಾರ ಸೂಕ್ಷ್ಮ ಮಾಹಿತಿ ಇಟ್ಟುಕೊಳ್ಳುವ ಸಂಸ್ಥೆಗಳು ಅದನ್ನು ಅಲ್ಲಿ ಪ್ರಕಟಿಸಬೇಕು.

ಇನ್ನು ಅಳಿಸುವ ಕೆಲಸ. ಜಿಮೇಲ್‌ನಲ್ಲಿ ಡಿಲೀಟ್ ಒತ್ತಿದ ಮೇಲ್ 30 ದಿನ ಬಿನ್‌ನಲ್ಲಿ ಕೂತಿರುತ್ತದೆ. ಅಲ್ಲಿಂದಲೂ ಶಾಶ್ವತವಾಗಿ ತೆಗೆದಾಗಲೇ "ಅಳಿಸಿದ್ದೇನೆ" ಎನ್ನಬಹುದು. ಫೋನಿನ ಡೌನ್‌ಲೋಡ್ಸ್ ಫೋಲ್ಡರ್ ನೋಡಿ. ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದು ಫೋಟೋ ಬ್ಯಾಕಪ್‌ಗೂ ಹೋಗಿರಬಹುದು. ಅದೇ ಖಾತೆ ಮನೆಯ ಕಂಪ್ಯೂಟರಿನಲ್ಲೂ ತೆರೆದಿದ್ದರೆ ಅಲ್ಲೂ ಒಂದು ಪ್ರತಿ ಇರಬಹುದು. ಬಂದದ್ದು ಫೈಲಲ್ಲ, ಗೂಗಲ್ ಡ್ರೈವ್ ಲಿಂಕ್ ಎಂದಾದರೆ ಮಾತು ಬೇರೆ: ನೀವು ಮೇಲ್ ಅಳಿಸಿದರೂ ಲಿಂಕ್ ಬದುಕಿರುತ್ತದೆ, ಆದರೆ ಕಳಿಸಿದವರು ಅನುಮತಿಯನ್ನು ಹಿಂತೆಗೆಯಬಲ್ಲರು. ಅದು ಲಿಂಕ್ ಎಂದು ಪತ್ರದಲ್ಲಿ ಮರೆಯದೆ ಹೇಳಿ.

ಕೆಲವು ಸಂಸ್ಥೆಗಳು ಆಮೇಲೆ ಲಿಖಿತ ದೃಢೀಕರಣ ಕೇಳುತ್ತವೆ. "ನನಗೆ ತಿಳಿದಮಟ್ಟಿಗೆ ನನ್ನ ಬಳಿ ಯಾವ ಪ್ರತಿಯೂ ಉಳಿದಿಲ್ಲ" ಎಂದು, ನಿಜವಿದ್ದರೆ, ಬರೆದುಕೊಡಬಹುದು. ಆಧಾರ್ ಪ್ರತಿ, ಪಾಸ್‌ವರ್ಡ್, ಒಟಿಪಿ ಕೇಳಿದರೆ, ಇಲ್ಲವೇ ಪರೀಕ್ಷಿಸಲು ನಿಮ್ಮ ಫೋನಿಗೆ ಆ್ಯಪ್ ಹಾಕಿಕೊಳ್ಳಿ ಎಂದರೆ ಮಾತ್ರ ಕೊಡಬೇಡಿ, ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ, ಸಂಸ್ಥೆಯ ಅಧಿಕೃತ ನಂಬರಿಗೆ ಕರೆ ಮಾಡಿ ವಿಚಾರಿಸಿ.